ಹೊಲಿಗೆ ಅಂಗಡಿಯ ಯೋಜನಾ ವರದಿ: ಮಾರಾಟದ ಅಂದಾಜು ಮತ್ತು ಬಿಟ್ಟುಹೋದ ಖರ್ಚುಗಳನ್ನು ಪರಿಶೀಲಿಸುವ ಕ್ರಮ

ಮನೆಯ ಹೆಣ್ಣುಮಗಳು ಹೊಲಿಗೆ ಅಂಗಡಿ ತೆರೆಯಬೇಕೆಂದಿದ್ದಾಳೆ, ಬ್ಯಾಂಕಿಗೆ ಕೊಡಲು ವರದಿಯೂ ಸಿದ್ಧವಾಗಿದೆ, ಅದರಲ್ಲಿ ತಿಂಗಳಿಗೆ ತೊಂಬತ್ತು ಸಾವಿರ ರೂಪಾಯಿ ಲಾಭವೆಂದು ಬರೆದಿದೆ, ಇದನ್ನು ನಂಬಿ ಸಾಲ ಮಾಡಬಹುದೇ ಎಂಬ ಪ್ರಶ್ನೆಯನ್ನು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಸ್ವಸಹಾಯ ಸಂಘದ ಪ್ರತಿನಿಧಿಗಳಿದ್ದಾರೆ, ಜಾಮೀನು ಹಾಕಬೇಕಾದ ಅಣ್ಣ, ಮಾವಂದಿರಿದ್ದಾರೆ, ಸ್ವತಃ ಅಂಗಡಿ ತೆರೆಯಲಿರುವವರೂ ಇದ್ದಾರೆ. ಇಂತಹ ವರದಿಗಳಲ್ಲಿ ಹಲವನ್ನು ಟೈಪಿಂಗ್ ಅಂಗಡಿಯಲ್ಲಿ ಹಳೆಯ ನಮೂನೆಯೊಂದನ್ನು ಇಟ್ಟುಕೊಂಡು, ಹೆಸರು ಮತ್ತು ಊರು ಬದಲಿಸಿ ತಯಾರಿಸಿರುತ್ತಾರೆ. ಆದ್ದರಿಂದ ಅದರ ಕೂಡುವ ಕಳೆಯುವ ಲೆಕ್ಕ ಸರಿಯಿದ್ದರೂ ಲೆಕ್ಕಕ್ಕೆ ಹಾಕಿದ ಅಂಕಿಗಳು ನಿಮ್ಮ ಅಂಗಡಿಯವಾಗಿರುವುದಿಲ್ಲ.

ಇಲ್ಲಿ ಒಂದೇ ಬಗೆಯ ಅಂಗಡಿಯನ್ನು ತೆಗೆದುಕೊಳ್ಳೋಣ. ಗಂಗಾವತಿಯ ಬಡಾವಣೆಯೊಂದರಲ್ಲಿ ಬಾಡಿಗೆ ಮಳಿಗೆ ಹಿಡಿದು, ಒಬ್ಬರು ನುರಿತ ಹೊಲಿಗೆಯವರು ಮತ್ತು ಅರ್ಧ ದಿನ ಬರುವ ಒಬ್ಬ ಸಹಾಯಕಿ ಸೇರಿ ನಡೆಸುವ ಮಹಿಳೆಯರ ಉಡುಪಿನ ಅಂಗಡಿ ಅದು. ಮುಖ್ಯ ಕೆಲಸ ಬ್ಲೌಸ್, ಜೊತೆಗೆ ಸೀರೆಗೆ ಫಾಲ್ ಮತ್ತು ಪಿಕೋ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಉದಾಹರಣೆಗಳು. ನಿಮ್ಮ ಬೀದಿಯ ದರ, ನಿಮ್ಮ ಬಾಡಿಗೆ, ನಿಮ್ಮ ಕೈವೇಗವನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು.

ಉದಾಹರಣೆಯ ವರದಿ ಹೀಗಿದೆ. ದಿನಕ್ಕೆ 12 ಬ್ಲೌಸ್, ಒಂದಕ್ಕೆ ಸರಾಸರಿ 300 ರೂಪಾಯಿ, ತಿಂಗಳಿಗೆ 30 ದಿನ. ಹೀಗೆ ತಿಂಗಳ ಆದಾಯ 1,08,000 ರೂಪಾಯಿ. ಖರ್ಚಿನಲ್ಲಿ ಬಾಡಿಗೆ 5,000, ಸಹಾಯಕಿಗೆ 6,000, ದಾರ ಮತ್ತು ಹುಕ್ಸಿಗೆ 1,500, ವಿದ್ಯುತ್ತಿಗೆ 500, ಎರಡು ಲಕ್ಷ ರೂಪಾಯಿ ಸಾಲದ ಕಂತು 4,350. ಶೇಕಡಾ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು ಇಷ್ಟೇ ಬರುತ್ತದೆ, ಅದು ಸರಿಯಾಗಿದೆ. ಒಟ್ಟು ಖರ್ಚು 17,350, ಉಳಿಯುವ ಲಾಭ 90,650.

ಪರಿಶೀಲನೆಗೆ ಬೇಕಾಗುವುದು ವರದಿಯ ಒಂದು ಪ್ರತಿ, ಗಡಿಯಾರ, ಪಂಚಾಂಗವಿರುವ ಕ್ಯಾಲೆಂಡರ್, ಮತ್ತು ಹೊಲಿಯುವವರು ಈಗಾಗಲೇ ಮನೆಯಲ್ಲಿ ಹೊಲಿಯುತ್ತಿದ್ದರೆ ಅವರ ಅಳತೆ ಪುಸ್ತಕ.

ಹಂತ 1: ಮಾರಾಟವನ್ನು ರೂಪಾಯಿಯಿಂದಲ್ಲ, ನಿಮಿಷದಿಂದ ಅಳೆಯಿರಿ

ಕಿರಾಣಿ ಅಂಗಡಿಯಲ್ಲಿ ಗಿರಾಕಿ ಹೆಚ್ಚಾದರೆ ಮಾರಾಟ ಹೆಚ್ಚುತ್ತದೆ. ಹೊಲಿಗೆ ಅಂಗಡಿಯಲ್ಲಿ ಗಿರಾಕಿ ಎಷ್ಟೇ ಹೆಚ್ಚಾದರೂ ಯಂತ್ರದ ಮುಂದೆ ಕೂರುವವರ ಸಮಯಕ್ಕಿಂತ ಹೆಚ್ಚು ಮಾರಾಟ ಸಾಧ್ಯವಿಲ್ಲ. ಆದ್ದರಿಂದ ಗಿರಾಕಿ ಬರುತ್ತಾರೋ ಇಲ್ಲವೋ ಎಂದು ಕೇಳುವ ಮೊದಲು, ಬಂದರೆ ಎಷ್ಟು ಹೊಲಿದು ಕೊಡಬಹುದು ಎಂದು ಕೇಳಬೇಕು.

ಗಡಿಯಾರ ಇಟ್ಟುಕೊಂಡು ಎರಡು ಮೂರು ಬ್ಲೌಸ್‌ಗಳ ಸಮಯ ಅಳೆಯಿರಿ. ನುರಿತವರ ಕೈಯಲ್ಲಿ ಲೈನಿಂಗ್ ಬ್ಲೌಸ್‌ಗೆ, ಅಂದರೆ ಒಳಗೆ ಅಸ್ತರು ಹಾಕಿ ಹೊಲಿಯುವ ಬ್ಲೌಸ್‌ಗೆ, ಕತ್ತರಿಸಲು 25 ನಿಮಿಷ ಮತ್ತು ಹೊಲಿಯಲು 75 ನಿಮಿಷ, ಸಾದಾ ಬ್ಲೌಸ್‌ಗೆ ಎಲ್ಲ ಸೇರಿ ಒಂದು ಗಂಟೆ ಹಿಡಿಯಿತು ಎಂದಿಟ್ಟುಕೊಳ್ಳೋಣ. ಹುಕ್ಸು ಹಚ್ಚುವುದು, ಕೈಹೊಲಿಗೆ ಮತ್ತು ಇಸ್ತ್ರಿಯನ್ನು ಸಹಾಯಕಿ ಮಾಡುತ್ತಾಳೆ.

ಈಗ ದಿನವನ್ನು ಅಳೆಯಿರಿ. ಅಂಗಡಿ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ ಎಂದ ಮಾತ್ರಕ್ಕೆ ಹತ್ತು ಗಂಟೆ ಹೊಲಿಗೆ ನಡೆಯುವುದಿಲ್ಲ. ಊಟಕ್ಕೆ ಒಂದು ಗಂಟೆ ಹೋಗುತ್ತದೆ. ಅಳತೆ ತೆಗೆದುಕೊಳ್ಳುವುದು, ಕುತ್ತಿಗೆಯ ವಿನ್ಯಾಸದ ಚರ್ಚೆ, ಬಟ್ಟೆ ಕೊಡುವುದು ಮತ್ತು ಫೋನಿಗೆ ಒಂದೂವರೆ ಗಂಟೆ ಹೋಗುತ್ತದೆ. ಬಿಗಿಯಾಯಿತು, ಸಡಿಲವಾಯಿತು ಎಂದು ಮರಳಿ ಬಂದ ಬಟ್ಟೆಗಳನ್ನು ಹಣ ತೆಗೆದುಕೊಳ್ಳದೆ ಸರಿಪಡಿಸಲು ಅರ್ಧ ಗಂಟೆ, ದಾರ ಬದಲಿಸುವುದು, ಯಂತ್ರದ ತಕರಾರು ಮತ್ತು ವಿದ್ಯುತ್ ಕಡಿತಕ್ಕೆ ಮತ್ತೊಂದು ಅರ್ಧ ಗಂಟೆ. ಉಳಿಯುವುದು ಆರೂವರೆ ಗಂಟೆ, ಅಂದರೆ 390 ನಿಮಿಷ.

ಇಷ್ಟು ಸಮಯದಲ್ಲಿ ಎರಡು ಲೈನಿಂಗ್ ಬ್ಲೌಸ್ ಮತ್ತು ಮೂರು ಸಾದಾ ಬ್ಲೌಸ್ ಮುಗಿಯುತ್ತವೆ. ಅದಕ್ಕೆ 380 ನಿಮಿಷ ಬೇಕು. ಲೈನಿಂಗ್‌ಗೆ 350, ಸಾದಾಕ್ಕೆ 180 ರೂಪಾಯಿ ಎಂದರೆ 1,240 ರೂಪಾಯಿ. ಸಹಾಯಕಿ ಎರಡು ಸೀರೆಗೆ ಫಾಲ್, ಪಿಕೋ ಮಾಡಿದರೆ ತಲಾ 80ರಂತೆ 160. ದಿನದ ಒಟ್ಟು 1,400. ವಾರದ ರಜೆ, ಹಬ್ಬ, ಮನೆಯ ಕೆಲಸಗಳನ್ನು ಕಳೆದು ತಿಂಗಳಿಗೆ 25 ದಿನ ಹಿಡಿದರೆ 35,000 ರೂಪಾಯಿ.

ಈ 35,000 ಆ ಅಂಗಡಿಯ ಗರಿಷ್ಠ ಮಿತಿ. ಬಾಗಿಲ ಹೊರಗೆ ಗಿರಾಕಿಗಳು ಸಾಲುಗಟ್ಟಿ ನಿಂತರೂ ಈ ಕೈಗಳಿಂದ ಇದಕ್ಕಿಂತ ಬಹಳ ಹೆಚ್ಚು ಬರುವುದಿಲ್ಲ. ವರದಿಯ 1,08,000 ಇದರ ಮೂರು ಪಟ್ಟು. ವರದಿ ಬರೆದವರು 12 ಬ್ಲೌಸ್ ಎಂಬ ಸಂಖ್ಯೆಯನ್ನು ಎಲ್ಲಿಂದ ತಂದರು ಎಂದು ಕೇಳಿದಾಗ, ದೊಡ್ಡ ಅಂಗಡಿಯಲ್ಲಿ ಹೊಲಿಯುತ್ತಾರೆ ಎಂಬ ಉತ್ತರ ಬರುವುದುಂಟು. ಆ ಅಂಗಡಿಯಲ್ಲಿ ಕತ್ತರಿಸುವವರೇ ಬೇರೆ, ಹೊಲಿಯುವವರೇ ಬೇರೆ ಇರುತ್ತಾರೆ; ಅಲ್ಲಿ ಎಷ್ಟು ಜನ ಕೂರುತ್ತಾರೆ ಎಂದು ಎಣಿಸಿ ಬರುವುದೇ ಸರಿಯಾದ ಪರೀಕ್ಷೆ.

ಇಲ್ಲಿ ಸಾಮಾನ್ಯವಾಗಿ ಬರುವ ಇನ್ನೊಂದು ವಾದವೆಂದರೆ, ಕೆಲಸ ಹೆಚ್ಚಾದರೆ ಪೀಸಿನ ಲೆಕ್ಕದಲ್ಲಿ ಬೇರೆಯವರಿಂದ ಹೊಲಿಸುತ್ತೇವೆ ಎಂಬುದು. ಹಾಗೆ ಮಾಡಬಹುದು. ಆದರೆ ಹೊಲಿಗೆ ಕೂಲಿಯ ದೊಡ್ಡ ಪಾಲು ಅವರಿಗೇ ಹೋಗುತ್ತದೆ. ವರದಿಯಲ್ಲಿ ಆ ಮಾರಾಟವನ್ನು ಆದಾಯದ ಕಡೆ ಪೂರ್ತಿ ಬರೆದು, ಪೀಸಿನ ಕೂಲಿಯನ್ನು ಖರ್ಚಿನ ಕಡೆ ಬರೆಯದೆ ಬಿಟ್ಟಿದ್ದರೆ ಆ ವರದಿಯನ್ನು ಹಿಂದಕ್ಕೆ ಕಳುಹಿಸಿ.

ಹಂತ 2: ಹನ್ನೆರಡು ತಿಂಗಳನ್ನು ಬೇರೆ ಬೇರೆಯಾಗಿ ಬರೆಯಿರಿ

ಒಂದು ತಿಂಗಳ ಅಂಕಿಯನ್ನು ಹನ್ನೆರಡರಿಂದ ಗುಣಿಸಿದ್ದರೆ ಆ ವಾರ್ಷಿಕ ಅಂದಾಜು ನಿಲ್ಲುವುದಿಲ್ಲ. ನಮ್ಮ ಭಾಗದಲ್ಲಿ ಬ್ಲೌಸ್ ಹೊಲಿಗೆ ಲಗ್ನದ ಸೀಸನ್ ಮತ್ತು ಹಬ್ಬಗಳನ್ನು ಹಿಂಬಾಲಿಸುತ್ತದೆ. ಶಿವರಾತ್ರಿಯ ಆಸುಪಾಸಿನಿಂದ ವೈಶಾಖದವರೆಗಿನ ಮದುವೆಗಳು, ಶ್ರಾವಣದ ಹಬ್ಬಗಳು, ದಸರಾ ಮತ್ತು ದೀಪಾವಳಿ, ತುಳಸಿ ಲಗ್ನದ ನಂತರದ ಮದುವೆಗಳು ಕೆಲಸ ತರುತ್ತವೆ. ಆಷಾಢ, ಪಿತೃಪಕ್ಷ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸಗಳಲ್ಲಿ ಕೆಲಸ ಇಳಿಯುತ್ತದೆ. ಬಡಾವಣೆಯಲ್ಲಿ ಮುಸ್ಲಿಂ ಕುಟುಂಬಗಳು ಹೆಚ್ಚಿದ್ದರೆ ರಂಜಾನ್ ಮುಂಚಿನ ವಾರಗಳು ದೊಡ್ಡ ಸೀಸನ್ ಆಗುತ್ತವೆ. ಅದು ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಬರುವುದರಿಂದ ಕಳೆದ ವರ್ಷದ ತಿಂಗಳಿಗೇ ಈ ವರ್ಷವೂ ಬರೆದಿಡಬಾರದು.

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಇನ್ನೊಂದು ಕ್ಯಾಲೆಂಡರ್ ಇದೆ, ಅದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನದು. ಭತ್ತ ಮಾರಿ ಕೈಗೆ ಹಣ ಬಂದಾಗ ಹೊಸ ಕೆಲಸವೂ ಬರುತ್ತದೆ, ಹಳೆಯ ಉದ್ರಿಯೂ ತೀರುತ್ತದೆ. 2023ರಂತಹ ಬರದ ವರ್ಷದಲ್ಲಿ ಲೈನಿಂಗ್ ಹಾಕಿಸುವವರೂ ಸಾದಾ ಸಾಕು ಎನ್ನುತ್ತಾರೆ. ಎರಡನೇ ಬೆಳೆಗೆ ನೀರು ಸಿಗದ ಒಂದು ವರ್ಷವನ್ನು ಸಾಲದ ಐದು ವರ್ಷಗಳ ಲೆಕ್ಕದಲ್ಲಿ ಸೇರಿಸದ ವರದಿ ನೀರಾವರಿ ಪ್ರದೇಶಕ್ಕೆ ಹೊಂದುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಐದು ತಿಂಗಳು ಪೂರ್ಣ ಕೆಲಸ, ನಾಲ್ಕು ತಿಂಗಳು ಶೇಕಡಾ 70, ಮೂರು ತಿಂಗಳು ಶೇಕಡಾ 45 ಎಂದಿಟ್ಟರೆ ವರ್ಷಕ್ಕೆ ಸುಮಾರು 3,20,000 ರೂಪಾಯಿ, ತಿಂಗಳ ಸರಾಸರಿ 26,700. ಇದು ಬೀದಿಯ ಜನಕ್ಕೆ ಪರಿಚಯವಾದ ಅಂಗಡಿಯ ಲೆಕ್ಕ. ಮೊದಲ ವರ್ಷಕ್ಕೆ ಇದರ ಮುಕ್ಕಾಲು ಭಾಗ ಹಿಡಿಯುವುದು ಎಚ್ಚರಿಕೆಯ ಲೆಕ್ಕ. ಅಂದರೆ ತಿಂಗಳಿಗೆ ಸರಾಸರಿ 20,000. ಸೀಸನ್ ತಿಂಗಳಲ್ಲಿ ಇಮ್ಮಡಿ ಬರುತ್ತದೆ, ಅದು ಮಂದ ತಿಂಗಳನ್ನು ಸರಿದೂಗಿಸುತ್ತದೆ ಎಂಬ ಮಾತನ್ನು ಒಪ್ಪಬೇಡಿ. ಸೀಸನ್‌ನಲ್ಲಿಯೂ ದಿನಕ್ಕೆ 390 ನಿಮಿಷವೇ. ರಾತ್ರಿ ಹನ್ನೊಂದರವರೆಗೆ ಕೂತು ಸ್ವಲ್ಪ ಹೆಚ್ಚಿಸಬಹುದು, ಆದರೆ ತಪ್ಪು ಹೊಲಿಗೆ ಮತ್ತು ಮರಳಿ ಬರುವ ಬಟ್ಟೆ ಹೆಚ್ಚುವುದೂ ಆಗಲೇ.

ಹಂತ 3: ರೂಪಾಯಿಯನ್ನು ಗಿರಾಕಿಗಳ ತಲೆಎಣಿಕೆಗೆ ತಿರುಗಿಸಿ

ವರದಿಯ ದಿನಕ್ಕೆ 12 ಎಂದರೆ ವರ್ಷಕ್ಕೆ 4,320 ಬ್ಲೌಸ್. ಒಬ್ಬ ಕಾಯಂ ಗಿರಾಕಿ ವರ್ಷಕ್ಕೆ ಆರು ಬ್ಲೌಸ್ ಹೊಲಿಸುತ್ತಾರೆ ಎಂದು ಉದಾರವಾಗಿ ಹಿಡಿದರೂ 720 ಮಹಿಳೆಯರು ಈ ಒಂದೇ ಅಂಗಡಿಗೆ ಬರಬೇಕು. ನಮ್ಮ ಪರಿಷ್ಕೃತ ಲೆಕ್ಕದ ವರ್ಷಕ್ಕೆ ಸುಮಾರು 1,140 ಬ್ಲೌಸ್‌ಗಳಿಗೆ 190 ಮಹಿಳೆಯರು ಸಾಕು. ಈಗ ಹೊಲಿಸಿಕೊಳ್ಳುತ್ತಿರುವವರ ಹೆಸರುಗಳನ್ನು ಅಳತೆ ಪುಸ್ತಕದಿಂದ ಎಣಿಸಿ. ನಲವತ್ತು ಹೆಸರಿದ್ದರೆ ಉಳಿದ ನೂರೈವತ್ತು ಎಲ್ಲಿಂದ ಬರುತ್ತಾರೆ, ಈಗ ಅವರು ಯಾರ ಬಳಿ ಹೊಲಿಸುತ್ತಿದ್ದಾರೆ, ಆ ಅಂಗಡಿಯನ್ನು ಏಕೆ ಬಿಡುತ್ತಾರೆ ಎಂದು ಕೇಳಿ. ಉತ್ತರ ಕೇವಲ ದರ ಕಡಿಮೆ ಎಂದಾದರೆ, 350ರ ಜಾಗದಲ್ಲಿ 300 ಹಾಕಿ ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು.

ಹಂತ 4: ವರದಿಯಲ್ಲಿ ಇಲ್ಲದ ಖರ್ಚುಗಳನ್ನು ಹುಡುಕಿ

ಬರೆದಿರುವ ಖರ್ಚು ಸರಿಯೇ ಎಂದು ನೋಡುವುದಕ್ಕಿಂತ ಬರೆಯದೆ ಬಿಟ್ಟದ್ದನ್ನು ಹುಡುಕುವುದರಲ್ಲಿ ಹೆಚ್ಚು ಸಮಯ ಕಳೆಯಿರಿ.

ಮೊದಲನೆಯದು ಅಸ್ತರಿನ ಬಟ್ಟೆ. 350 ರೂಪಾಯಿಯಲ್ಲಿ ಅಸ್ತರು ಸೇರಿದೆಯೋ, ಗಿರಾಕಿಯೇ ತರಬೇಕೋ ಎಂಬುದನ್ನು ವರದಿ ಹೇಳಬೇಕು. ಅಂಗಡಿಯದೇ ಎಂದಾದರೆ ಒಂದು ಬ್ಲೌಸ್‌ಗೆ ಹೆಚ್ಚುಕಡಿಮೆ ಒಂದು ಮೀಟರ್ ಹೋಗುತ್ತದೆ. ಮೀಟರಿಗೆ 50 ರೂಪಾಯಿಯಂತೆ ಪೂರ್ಣ ಕೆಲಸದ ತಿಂಗಳಲ್ಲಿ 50 ಲೈನಿಂಗ್ ಬ್ಲೌಸ್‌ಗೆ 2,500. ದಾರ, ಹುಕ್ಸು, ಸೂಜಿ, ಕ್ಯಾನ್ವಾಸ್, ಲಾಡಿಗೆ ಬ್ಲೌಸ್ ಒಂದಕ್ಕೆ 12 ರೂಪಾಯಿಯಂತೆ 1,500. ವರದಿ ಬರೆದದ್ದು ಈ ಎರಡನೆಯದನ್ನು ಮಾತ್ರ. ಮೊದಲ ವರ್ಷದ ಕಡಿಮೆ ಕೆಲಸಕ್ಕೆ ಎರಡೂ ಸೇರಿ ತಿಂಗಳಿಗೆ ಸರಾಸರಿ 2,300 ಬೀಳುತ್ತದೆ.

ಎರಡನೆಯದು ವಿದ್ಯುತ್ತು. ಮನೆಯಲ್ಲಿ ಗೃಹಜ್ಯೋತಿಯಿಂದ ಬಿಲ್ಲು ಬರದಿರುವುದನ್ನು ನೋಡಿ ಅಂಗಡಿಗೂ ಅಲ್ಪ ಮೊತ್ತ ಬರೆದಿರುತ್ತಾರೆ. ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಮಳಿಗೆಗೆ ಜೆಸ್ಕಾಂನ ವಾಣಿಜ್ಯ ಸಂಪರ್ಕವಿರುತ್ತದೆ, ಅದರಲ್ಲಿ ಬಳಸದಿದ್ದರೂ ಕಟ್ಟಬೇಕಾದ ನಿಗದಿತ ಶುಲ್ಕವಿದೆ. ಹೊಲಿಗೆ ಯಂತ್ರದ ಮೋಟಾರಿಗಿಂತ ಇಸ್ತ್ರಿಪೆಟ್ಟಿಗೆಯೇ ಹೆಚ್ಚು ವಿದ್ಯುತ್ ಎಳೆಯುತ್ತದೆ. ತಗಡಿನ ಮಾಡಿನ ಮಳಿಗೆಯಲ್ಲಿ ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಕೂಲರ್ ಇಲ್ಲದೆ ಮಧ್ಯಾಹ್ನ ಕೂತು ಹೊಲಿಯಲಾಗುವುದಿಲ್ಲ, ಮತ್ತು ಅದೇ ಲಗ್ನದ ಸೀಸನ್. 500ರ ಬದಲು 1,200 ಇಡಿ. ಮಳಿಗೆಯ ಮಾಲೀಕರಿಂದ ಹಿಂದಿನ ಬಾಡಿಗೆದಾರರ ಬಿಲ್ಲನ್ನು ಕೇಳಿ ನೋಡುವುದು ಇನ್ನೂ ಉತ್ತಮ.

ಮೂರನೆಯದು ಸಹಾಯಕಿಯ ವೇತನ. ಕೆಲಸ ಅರ್ಧಕ್ಕಿಳಿದ ಆಷಾಢದಲ್ಲಿಯೂ ಅದನ್ನು ಕೊಡಲೇಬೇಕು, ಹಬ್ಬಕ್ಕೆ ಅರ್ಧ ಅಥವಾ ಒಂದು ತಿಂಗಳ ಬೋನಸ್ಸನ್ನೂ ಕೊಡಬೇಕಾಗುತ್ತದೆ. ಒಂದು ತಿಂಗಳ ಬೋನಸ್ಸನ್ನು ಹನ್ನೆರಡರಲ್ಲಿ ಹಂಚಿದರೆ ತಿಂಗಳಿಗೆ 500. ಇಲ್ಲಿ ಹಿಡಿದಿರುವ 6,000 ಅರ್ಧ ದಿನದ ಕೆಲಸಕ್ಕೆ. ದಿನವಿಡೀ ಕೆಲಸ ಮಾಡಿಸುವುದಾದರೆ ಕಾರ್ಮಿಕ ಇಲಾಖೆ ಹೊಲಿಗೆ ಕೆಲಸಕ್ಕೆ ನಿಗದಿಪಡಿಸಿದ ಕನಿಷ್ಠ ವೇತನವನ್ನು ನೋಡಿ ಬರೆಯಬೇಕು.

ನಾಲ್ಕನೆಯದು ಕೆಟ್ಟ ಬಟ್ಟೆ ಮತ್ತು ಬಾರದ ಹಣ. ರೇಷ್ಮೆ ಬ್ಲೌಸ್ ತುಂಡು ಕತ್ತರಿಯಲ್ಲಿ ಕೆಟ್ಟರೆ, ಇಸ್ತ್ರಿಯಲ್ಲಿ ಸುಟ್ಟರೆ ಅದೇ ಬಣ್ಣದ ಬಟ್ಟೆ ಹುಡುಕಿ ತಂದುಕೊಡಬೇಕು. ಅದಕ್ಕೆ ತಿಂಗಳಿಗೆ 500. ಹೊಲಿದು ಇಟ್ಟರೂ ಒಯ್ಯದ ಬಟ್ಟೆಗಳು ಮತ್ತು ವಸೂಲಾಗದ ಉದ್ರಿಗೆ ಮಾರಾಟದ ಶೇಕಡಾ 5, ಅಂದರೆ 1,000. ಅಳತೆ ಪುಸ್ತಕದಲ್ಲಿ ಬಾಕಿ ಎಂದು ಬರೆದ ಹಳೆಯ ಸಾಲುಗಳನ್ನು ಕೂಡಿಸಿದರೆ ನಿಮ್ಮ ನಿಜವಾದ ಪ್ರಮಾಣ ತಿಳಿಯುತ್ತದೆ.

ಯಂತ್ರದ ಎಣ್ಣೆ, ಬೆಲ್ಟು, ಬಾಬಿನ್ ಕೇಸು, ಮೆಕ್ಯಾನಿಕ್, ಕತ್ತರಿಗೆ ಸಾಣೆ, ಜೊತೆಗೆ ಮುಂದೆ ಹೊಸ ಯಂತ್ರ ಕೊಳ್ಳಲು ಎತ್ತಿಡುವ ಹಣ ಸೇರಿ 1,000. ನಗರಸಭೆಯ ವ್ಯಾಪಾರ ಪರವಾನಗಿ, ಬಿಲ್ ಪುಸ್ತಕ, ಕವರು, ಫೋನಿಗೆ 500. ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ, ಅದಕ್ಕೆಂದು ಯಾರಾದರೂ ದೊಡ್ಡ ಮೊತ್ತ ಬರೆದಿದ್ದರೆ ಪ್ರಶ್ನಿಸಿ. ಈ ಗಾತ್ರದ ಅಂಗಡಿಗೆ ಜಿಎಸ್‌ಟಿ ನೋಂದಣಿಯ ಅಗತ್ಯವೂ ಬೀಳುವುದಿಲ್ಲ.

ಇನ್ನೊಂದು ಮೊತ್ತ ತಿಂಗಳ ಖರ್ಚಿನಲ್ಲಿ ಕಾಣುವುದಿಲ್ಲ. ಮಳಿಗೆಯ ಮುಂಗಡ ಠೇವಣಿಯನ್ನು ಯಂತ್ರಕ್ಕೆಂದು ಪಡೆದ ಸಾಲದಿಂದಲೇ ಕೊಟ್ಟರೆ, ಆಮೇಲೆ ಯಂತ್ರಕ್ಕೆ ಹಣ ಸಾಲದೆ ಕೈಸಾಲ ಮಾಡಬೇಕಾಗುತ್ತದೆ. ಠೇವಣಿ ಎಲ್ಲಿಂದ ಬರುತ್ತದೆ ಎಂಬುದು ವರದಿಯಲ್ಲಿ ಪ್ರತ್ಯೇಕ ಸಾಲಿನಲ್ಲಿ ಇರಬೇಕು.

ಹಂತ 5: ಹೊಲಿಯುವವರ ಕೂಲಿಯನ್ನು ಖರ್ಚಿಗೆ ಸೇರಿಸಿ ಮತ್ತೆ ಕೂಡಿಸಿ

ಮೊದಲ ವರ್ಷದ ತಿಂಗಳ ಖರ್ಚು ಈಗ ಹೀಗಾಗುತ್ತದೆ: ಬಾಡಿಗೆ 5,000, ಸಹಾಯಕಿ 6,500, ಸಾಮಗ್ರಿ 2,300, ವಿದ್ಯುತ್ 1,200, ಯಂತ್ರ 1,000, ಕೆಟ್ಟದ್ದು ಮತ್ತು ಬಾರದ್ದು 1,500, ಇತರೆ 500, ಒಟ್ಟು 18,000. ಆದಾಯ 20,000. ಉಳಿಯುವ 2,000ದಲ್ಲಿ 4,350ರ ಕಂತು ಕಟ್ಟಲಾಗದು. ಪ್ರತಿ ತಿಂಗಳೂ 2,350 ಕೊರತೆ, ದಿನವಿಡೀ ಹೊಲಿದವರಿಗೆ ಒಂದು ರೂಪಾಯಿಯೂ ಇಲ್ಲ. ಪರಿಚಯವಾದ ಎರಡನೇ ವರ್ಷದಲ್ಲಿಯೂ ಕಂತು ಕಟ್ಟಿದ ಮೇಲೆ ಅವರ ದುಡಿಮೆಗೆ ಉಳಿಯುವುದು ಸುಮಾರು 3,250.

ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ ಯಾವುದು ಎಂಬುದನ್ನೂ ತಿಳಿಯಬೇಕು. ಕೆಲಸ ಇರಲಿ ಬಿಡಲಿ ಬರುವ ಖರ್ಚುಗಳು, ಕಂತು ಸೇರಿ, 19,050. ಮಾರಾಟದ ಪ್ರತಿ ನೂರು ರೂಪಾಯಿಯಲ್ಲಿ ಸಾಮಗ್ರಿ ಮತ್ತು ಬಾರದ ಹಣಕ್ಕೆ ಸುಮಾರು 16.4 ಹೋಗುತ್ತದೆ, ಉಳಿಯುವುದು 83.6. ಆದ್ದರಿಂದ ಕೈಯಿಂದ ಹಣ ಹೋಗದಿರಲು ತಿಂಗಳಿಗೆ ಸುಮಾರು 22,800ರ ಮಾರಾಟ ಬೇಕು. ಹೊಲಿಯುವವರಿಗೆ ತಿಂಗಳಿಗೆ 10,000 ಸಿಗಬೇಕಾದರೆ ಬೇಕಾಗುವುದು ಸುಮಾರು 34,750. ಇದನ್ನು ಒಂದನೇ ಹಂತದ 35,000 ಮಿತಿಯ ಪಕ್ಕದಲ್ಲಿ ಇಟ್ಟು ನೋಡಿ. ಆಷಾಢವೂ ಸೇರಿ ಹನ್ನೆರಡು ತಿಂಗಳೂ ಅಂಗಡಿ ಪೂರ್ತಿ ತುಂಬಿದ್ದರೆ ಮಾತ್ರ ಆ ಹತ್ತು ಸಾವಿರ ಕೈಗೆ ಬರುತ್ತದೆ. ಹೊಲಿಯುವವರ ಕೌಶಲದಲ್ಲಿ ಕೊರತೆ ಇಲ್ಲ. ಬಾಡಿಗೆ, ವೇತನ ಮತ್ತು ಕಂತು ಮೂರನ್ನೂ ಎರಡು ಕೈಗಳ ಮೇಲೆ ಒಟ್ಟಿಗೆ ಹೇರಿದ ಯೋಜನೆಯಲ್ಲಿ ಕೊರತೆ ಇದೆ.

ಹಂತ 6: ಕಂತನ್ನು ಬಡ್ಡಿಯಿಂದ ಅಳೆಯಬೇಡಿ

ಬಡ್ಡಿ ಕಡಿಮೆಯಿದ್ದರೆ ಭಾರವೂ ಕಡಿಮೆ ಎಂಬ ತಪ್ಪು ಕಲ್ಪನೆ ಇದೆ. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೆ 15,000 ರೂಪಾಯಿಯ ಉಪಕರಣ ವೋಚರ್ ಸಿಗುತ್ತದೆ, ಮೊದಲ ಬಾರಿಯ ಸಾಲ ಒಂದು ಲಕ್ಷದವರೆಗೆ ಶೇಕಡಾ 5ರ ಬಡ್ಡಿಯಲ್ಲಿ ದೊರೆಯುತ್ತದೆ. ಆದರೆ ಅದನ್ನು 18 ತಿಂಗಳಲ್ಲಿ ತೀರಿಸಬೇಕಾದ್ದರಿಂದ ಪೂರ್ಣ ಒಂದು ಲಕ್ಷಕ್ಕೆ ತಿಂಗಳಿಗೆ ಸುಮಾರು 5,780 ಕಟ್ಟಬೇಕಾಗುತ್ತದೆ. ಶೇಕಡಾ 11ರ ಬಡ್ಡಿಯ ಎರಡು ಲಕ್ಷದ ಐದು ವರ್ಷದ ಸಾಲಕ್ಕಿಂತ ತಿಂಗಳ ಹೊರೆ ಹೆಚ್ಚು. ಒಟ್ಟು ಬಡ್ಡಿ ಕಡಿಮೆ ಎಂಬುದು ನಿಜ, ಒಳ್ಳೆಯ ಯೋಜನೆಯೂ ಹೌದು. ಆದರೆ ಮಂದ ತಿಂಗಳ ಆದಾಯದಲ್ಲಿ ಆ ಕಂತು ಹೊರಡುತ್ತದೆಯೇ ಎಂದು ನೋಡಿ ಸಾಲದ ಮೊತ್ತ ನಿರ್ಧರಿಸಬೇಕು. ಒಂದು ಲಕ್ಷದವರೆಗೆ ಸಿಗುತ್ತದೆ ಎಂದರೆ ಅಷ್ಟನ್ನೂ ಪಡೆಯಲೇಬೇಕೆಂದಿಲ್ಲ.

ಹಂತ 7: ತಿರಸ್ಕರಿಸುವ ಮೊದಲು ಯೋಜನೆಯನ್ನು ಕಿರಿದು ಮಾಡಿ ನೋಡಿ

ಇದೇ ಹೊಲಿಗೆಯವರು ಮಳಿಗೆ ಹಿಡಿಯದೆ ಮನೆಯ ಮುಂದಿನ ಕೋಣೆಯಲ್ಲಿ ಆರಂಭಿಸುತ್ತಾರೆ ಎಂದುಕೊಳ್ಳೋಣ. ಮುದ್ರಾ ಶಿಶು ವಿಭಾಗದಲ್ಲಿ 50,000ದವರೆಗೆ ಸಾಲ ಸಿಗುತ್ತದೆ; ಅಷ್ಟನ್ನು ಶೇಕಡಾ 11ರಲ್ಲಿ ಮೂರು ವರ್ಷಕ್ಕೆ ಪಡೆದರೆ ಕಂತು 1,640. ಹುಕ್ಸು, ಕೈಹೊಲಿಗೆಯನ್ನು ಬ್ಲೌಸ್‌ಗೆ 20 ರೂಪಾಯಿ, ಸೀರೆಯ ಫಾಲ್ ಕೆಲಸವನ್ನು 35 ರೂಪಾಯಿಯಂತೆ ನೆರೆಯವರಿಂದ ಮಾಡಿಸಿದರೆ ಕೆಲಸವಿಲ್ಲದ ತಿಂಗಳಲ್ಲಿ ಆ ಖರ್ಚೂ ತಾನಾಗಿ ಇಳಿಯುತ್ತದೆ. ಮುಖ್ಯರಸ್ತೆಯ ಮಳಿಗೆ ಇಲ್ಲದ್ದರಿಂದ ಆದಾಯವನ್ನು 20,000ಕ್ಕೆ ಬದಲು 15,000ಕ್ಕೆ ಇಳಿಸಿ. ಆಗ ಪೀಸಿನ ಕೂಲಿ 1,820, ಸಾಮಗ್ರಿ 1,700, ವಿದ್ಯುತ್ 500, ಯಂತ್ರ 700, ಕೆಟ್ಟದ್ದು ಮತ್ತು ಬಾರದ್ದು 1,200, ಇತರೆ 300, ಒಟ್ಟು 6,220. ಕಂತು ಕಟ್ಟಿದ ಮೇಲೆ ಸುಮಾರು 7,100 ಉಳಿಯುತ್ತದೆ. ಮಾರಾಟ ಐದು ಸಾವಿರ ಕಡಿಮೆಯಾದರೂ ಕೈಗೆ ಬರುವುದು ಒಂಬತ್ತು ಸಾವಿರಕ್ಕಿಂತ ಹೆಚ್ಚು ಸುಧಾರಿಸಿತು.

ಪರಿಷ್ಕೃತ ವರದಿಯನ್ನು ಬ್ಯಾಂಕಿಗೆ ಕೊಡುವಾಗ ನಿಮಿಷಗಳ ಲೆಕ್ಕವನ್ನೂ ಹನ್ನೆರಡು ತಿಂಗಳ ಪಟ್ಟಿಯನ್ನೂ ಅಳತೆ ಪುಸ್ತಕದ ಎರಡು ತಿಂಗಳ ನಕಲನ್ನೂ ಲಗತ್ತಿಸಿ. ಅಂಕಿ ಚಿಕ್ಕದಾದರೆ ಸಾಲ ಸಿಗುವುದಿಲ್ಲ ಎಂದು ವರದಿ ಬರೆಯುವವರು ಹೆದರಿಸುತ್ತಾರೆ. ಕಂತು ಕಟ್ಟಿದ ಮೇಲೂ ಹಣ ಉಳಿಯುತ್ತದೆ ಎಂದು ತೋರಿಸುವ ಚಿಕ್ಕ ಅಂಕಿಗೆ ಆಧಾರ ಕೊಡಬಹುದು, 1,08,000ಕ್ಕೆ ಕೊಡಲಾಗುವುದಿಲ್ಲ. ಆರಂಭವಾದ ಮೇಲೆ ದಿನಕ್ಕೆ ಹೊಲಿದ ಬ್ಲೌಸ್‌ಗಳ ಸಂಖ್ಯೆ, ಬಂದ ಹಣ, ಬಾಕಿ ಎಂಬ ಮೂರನ್ನು ಅಳತೆ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಾ ಹೋಗಿ. ಸತತ ಮೂರು ಸೀಸನ್ ತಿಂಗಳು ಕೆಲಸವನ್ನು ಮರಳಿ ಕಳುಹಿಸುವಷ್ಟು ಗಿರಾಕಿಗಳು ಬಂದರೆ ಮತ್ತು ಬಾಕಿ ಶೇಕಡಾ 5ರೊಳಗೆ ನಿಂತರೆ, ಆಗ ಮಳಿಗೆಯ ಬಾಡಿಗೆಯನ್ನು ಹಾಕಿ ಐದನೇ ಹಂತವನ್ನು ಹೊಸ ಅಂಕಿಗಳಿಂದ ಮತ್ತೊಮ್ಮೆ ಮಾಡಿ.